‘ಅಂತೂ ಆಯ್ತಲ್ಲ’ ಅನ್ನದೆ ಗೆಳತಿಯ ಮದುವೆಗೆ ಶುಭ ಕೋರುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಗಂಗಾವತಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಫೋಟೊ ಫ್ರೇಮಿನ ಕೆಳಗಿನ ಸಾಲು, ಎಲ್ಲ ಇಲ್ಲೇ ಟೈಪ್ ಆಗುತ್ತವೆ. 40 ದಾಟಿದ ಗೆಳೆಯನಿಗೋ ಗೆಳತಿಗೋ ಮದುವೆ ಅಂದಾಗ ಜನ ಚೀಟಿಯಲ್ಲಿ ಬರೆದು ತರುವ ಸಾಲು ಹೆಚ್ಚುಕಮ್ಮಿ ಒಂದೇ: ‘ಕೊನೆಗೂ ಕೂಡಿ ಬಂತು ಕಂಕಣ ಭಾಗ್ಯ’. ಇದು ಬೇಡ ರೀ ಅಂದರೆ ‘ತಡವಾದರೂ ತಕ್ಕ ಜೋಡಿ’ ಅಂತ ತಿದ್ದಿ ಕೊಡುತ್ತಾರೆ. ಅದೂ ಬೇಡ ಅಂದರೆ ‘ಪ್ರೀತಿಗೆ ವಯಸ್ಸಿನ ಹಂಗಿಲ್ಲ’. ಮೂರನ್ನೂ ಓದಿದವರಿಗೆ ತಲುಪುವ ಸುದ್ದಿ ಒಂದೇ, ಇವರಿಗೆ ವಯಸ್ಸಾಗಿದೆ.

ಹಾಗಂತ ಬೇರೆಯವರನ್ನು ಅಂದು ಏನು ಮಾಡೋದು, ನಾನೂ ಇದೇ ತಪ್ಪು ಮಾಡಿದವಳೇ. ನನ್ನ ಶಾಲೆಯ ಗೆಳತಿಯೊಬ್ಬಳ ಮದುವೆಗೆ ಚೆಂದದ ಫ್ರೇಮ್ ಮಾಡಿಸಿದ್ದೆ. ಕೆಳಗೆ ಬಂಗಾರದ ಅಕ್ಷರದಲ್ಲಿ ‘ಕೊನೆಗೂ’ ಅಂತ ಶುರುವಾಗುವ ಸಾಲು. ಅವಳು ಓದಿದಳು, ನಕ್ಕಳು, ಆಮೇಲೆ ಕೇಳಿದಳು: “ಕೊನೆಗೂ ಅಂದ್ರ ಏನ ಲೇ? ನಾ ಏನು ಸರದಿಯೊಳಗ ನಿಂತಿದ್ನೇನು?” ನನ್ನ ಬಳಿ ಉತ್ತರ ಇರಲಿಲ್ಲ. ಆ ಫ್ರೇಮ್ ಅವರ ಮನೆಯ ಯಾವ ಗೋಡೆ ಮೇಲೂ ಇಲ್ಲ.

ಆಮೇಲೆ ಇನ್ನೊಬ್ಬ ಗೆಳತಿಯ ಲಗ್ನ ಬಂತು. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಸಿಂಧನೂರಿನವಳು, ಈಗ ರಾಯಚೂರಿನಲ್ಲಿ ನರ್ಸ್. ಆ ಸಲ ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅನ್ನೋದನ್ನೇ ಇಟ್ಟುಕೊಂಡು ಹೇಳುತ್ತೇನೆ.

## ಶುರು ಮಾಡುವ ಮೊದಲು ಬೇಕಾದ್ದು

ಒಂದು ಹಾಳೆ, ಪೆನ್ನು. ನಿಮ್ಮ ಮದುವೆಯ ಮುಯ್ಯಿ ಪುಸ್ತಕ, ಅದು ಎಲ್ಲಿದೆ ಅಂತ ಈಗಲೇ ಹುಡುಕಿಟ್ಟುಕೊಳ್ಳಿ. ಮದುಮಕ್ಕಳ ಮನೆಯವರೇ ಹಂಚಿದ ಲಗ್ನಪತ್ರಿಕೆ. ಬರೆದದ್ದನ್ನು ಜೋರಾಗಿ ಓದಿ ಹೇಳಲು ಒಬ್ಬರು, ಅದು ಯಾರಾದರೂ ಆಗಬಹುದು. ನಾನು ನಮ್ಮ ಅಂಗಡಿಯ ಹುಡುಗನ ಕೈಲಿ ಓದಿಸುತ್ತೇನೆ. ಕಣ್ಣಿಗೆ ಕಾಣದ ಚುಚ್ಚು ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಗೊತ್ತಾಗುತ್ತದೆ.

## ಹಂತ 1: ಸುದ್ದಿ ಯಾರಿಂದ ಬಂತು ನೋಡಿ

ಮೊದಲ ತಪ್ಪು ಇಲ್ಲೇ ಆಗುತ್ತದೆ. ಸುದ್ದಿ ಗೆಳತಿಯ ಬಾಯಿಂದ ಬಂದಿರುವುದಿಲ್ಲ. ಅವಳ ತಮ್ಮನ ಹೆಂಡತಿ ಸಂತೆಯಲ್ಲಿ ಸಿಕ್ಕಿ ಹೇಳಿರುತ್ತಾಳೆ. ನಾವು ಖುಷಿ ತಡೆಯಲಾಗದೆ ಆಗಲೇ ಫೋನ್ ಮಾಡಿಬಿಡುತ್ತೇವೆ. ಆ ಕಡೆಯಿಂದ ಅವಳಿಗೆ ಕೇಳಿಸೋದು ಬೇರೆಯೇ: ಓಹೋ, ಊರೆಲ್ಲ ನನ್ನದೇ ಮಾತು ನಡೆದಿದೆ.

ಬೇರೆಯವರಿಂದ ತಿಳಿದಿದ್ದರೆ ಸುಮ್ನೆ ಇರಿ. ಎರಡು ವಾರ ಕಳೆದರೂ ಅವಳು ಹೇಳದಿದ್ದರೆ ಮಾಮೂಲಿ ಯಾವುದಾದರೂ ವಿಷಯಕ್ಕೆ ಫೋನ್ ಮಾಡಿ. ಹೇಳುವ ಮನಸ್ಸಿದ್ದರೆ ಅವಳೇ ಹೇಳುತ್ತಾಳೆ.

ರಿಜಿಸ್ಟರ್ ಮದುವೆ ಆದರೆ ಇನ್ನೂ ಜಾಗ್ರತೆ ಬೇಕು. ವಿಶೇಷ ವಿವಾಹ ಕಾಯ್ದೆ, 1954ರ ಅಡಿ ಮದುವೆ ಆಗುವವರು ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಹಚ್ಚುತ್ತಾರೆ. ಯಾರೋ ಅದನ್ನು ನೋಡಿ ನಿಮಗೆ ಹೇಳಿರಬಹುದು. ಆ ಒಂದು ತಿಂಗಳು ಅವರ ಪಾಲಿನದು. ಆಗ ನೀವು ಸ್ಟೇಟಸ್ ಹಾಕಿ ಹೂವಿನ ಚಿತ್ರ ಕಳಿಸಿದರೆ, ಅವರು ಇನ್ನೂ ಹೇಳದ ನೆಂಟರಿಗೆಲ್ಲ ನೀವೇ ಹೇಳಿದ ಹಾಗೆ.

ನನ್ನ ಗೆಳತಿ ತಾನೇ ಫೋನ್ ಮಾಡಿ ಹೇಳಿದಳು. ಹಾಗಾಗಿ ನಾನು ನೇರ ಎರಡನೇ ಹಂತಕ್ಕೆ ಬಂದೆ.

## ಹಂತ 2: ಫೋನಿನಲ್ಲಿ ಮೊದಲ ಉಸಿರು

ಅವಳು “ನನ್ನ ಲಗ್ನ ಗೊತ್ತಾತು” ಅಂದ ಕೂಡಲೇ ನಿಮ್ಮ ಬಾಯಿಂದ ಬರುವ ಮೊದಲ ಸದ್ದು ಇದೆಯಲ್ಲ, ಅದೇ ಅರ್ಧ ಕೆಲಸ. “ಹೌದಾ?!” ಅಂತ ದನಿ ಮೇಲೆ ಹೋದರೆ ನೀವು ಇದನ್ನು ನಿರೀಕ್ಷೆಯೇ ಮಾಡಿರಲಿಲ್ಲ ಅಂತ ಆಯಿತು. “ನಿಜ ಹೇಳ್ತೀಯಾ?” ಇನ್ನೂ ಕೆಟ್ಟದು. “ಅಯ್ಯೋ ದೇವರೇ, ಸದ್ಯ!” ಅಂದರೆ ಮುಗಿದೇ ಹೋಯಿತು.

ಒಂದು ಸಾಲು ಮೊದಲೇ ಬಾಯಿಗೆ ರೂಢಿ ಮಾಡಿಟ್ಟುಕೊಳ್ಳಿ. ನನ್ನದು ಇದು: “ಎಷ್ಟು ಚಲೋ ಸುದ್ದಿ! ಅವರ ಬಗ್ಗೆ ಹೇಳು.” ಎರಡನೇ ಮಾತು ಮುಖ್ಯ. ಮಾತು ಗೆಳತಿಯ ಮೇಲಿಂದ ಸರಿದು ಅವಳು ಯಾರನ್ನು ಮೆಚ್ಚಿದ್ದಾಳೋ ಅವರ ಕಡೆ ಹೋಗುತ್ತದೆ. ಅವಳಿಗೂ ಅದನ್ನೇ ಹೇಳಬೇಕಿರುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. “ಹೆಂಗ ಒಪ್ಪಿದಿ?” ಅಂತ ಕೇಳಬೇಡಿ, ಇಷ್ಟು ದಿನ ಅವಳು ಒಲ್ಲೆ ಅಂತ ಹಟ ಹಿಡಿದು ಕೂತಿದ್ದಳು ಅನ್ನೋ ಅರ್ಥ ಅದರಲ್ಲಿದೆ. “ಅವರದು ಎರಡನೇದಾ?” ಅಂತಲೂ ಬೇಡ. ಹೇಳಬೇಕಾದ್ದಿದ್ದರೆ ಅವಳೇ ಹೇಳುತ್ತಾಳೆ. “ಮನ್ಯಾಗ ಎಲ್ಲಾರಿಗೂ ಖುಷಿ ಆಗಿರಬೇಕಲ್ಲ?” ಅನ್ನೋದು ಮೇಲ್ನೋಟಕ್ಕೆ ಸಿಹಿ ಮಾತು. ಆದರೆ ಅದರೊಳಗೆ ‘ನೀನು ಮನೆಯವರಿಗೆ ಒಂದು ಚಿಂತೆ ಆಗಿದ್ದೆ’ ಅನ್ನುವುದು ಕೂತಿದೆ.

ಮಾತಾಡುವಾಗ ಕೈಯಲ್ಲಿ ಪೆನ್ನು ಇರಲಿ. ನನ್ನ ಗೆಳತಿ ಆ ದಿನ ಹೇಳಿದ ಮೂರು ವಿಷಯ ನಾನು ಬರೆದಿಟ್ಟೆ. ಅವರು ಶಕ್ತಿನಗರದ ಥರ್ಮಲ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾರೆ. ಇವಳಿಗಿಂತ ಚಲೋ ಚಹಾ ಮಾಡುತ್ತಾರೆ. ಭಾನುವಾರ ಇಬ್ಬರೂ ಬೈಕ್ ಮೇಲೆ ಕೃಷ್ಣಾ ಸೇತುವೆ ತನಕ ಹೋಗಿ ಬರುತ್ತಾರೆ. ಮುಂದಿನ ಹಂತದಲ್ಲಿ ಈ ಚೀಟಿಯೇ ಬಂಡವಾಳ.

## ಹಂತ 3: ಶುಭಾಶಯ ಬರೆಯುವುದು

ಇದಕ್ಕೆ ಒಂದು ಅರ್ಧ ಗಂಟೆ ಇಟ್ಟುಕೊಳ್ಳಿ. ನಾನು ಮೊದಲು ಬರೆದದ್ದು ಹೀಗಿತ್ತು:

“ಪ್ರೀತಿಯ ಗೆಳತಿ, ಅಂತೂ ನಿನ್ನ ಮದುವೆ ಊಟ ಉಣ್ಣುವ ಭಾಗ್ಯ ನಮಗೂ ಬಂತು! ಇಷ್ಟು ವರ್ಷ ಎಲ್ಲರಿಗಾಗಿ ದುಡಿದೆ, ಇನ್ನಾದರೂ ನಿನಗಾಗಿ ಬದುಕು. ನಿನ್ನ ಬಾಳಿಗೊಂದು ಆಸರೆ ಸಿಕ್ಕಿದ್ದು ನೋಡಿ ನಮಗೆಲ್ಲ ನೆಮ್ಮದಿ ಆಯ್ತು. ಬೇಗ ಸಿಹಿ ಸುದ್ದಿ ಕೊಡು.”

ಪ್ರೀತಿಯಿಂದಲೇ ಬರೆದದ್ದು, ಸುಳ್ಳಲ್ಲ. ಅಂಗಡಿಯ ಹುಡುಗ ಜೋರಾಗಿ ಓದಿದಾಗ ಕಿವಿಗೆ ಬಿತ್ತು. ಇದರಲ್ಲಿ ವಯಸ್ಸು ಅನ್ನೋ ಶಬ್ದ ಎಲ್ಲೂ ಇಲ್ಲ. ಆದರೂ ಸಾಲು ಸಾಲಿನಲ್ಲೂ ಗಡಿಯಾರ ಟಿಕ್ ಟಿಕ್ ಅನ್ನುತ್ತಿದೆ.

ನಮ್ಮ ಕನ್ನಡದಲ್ಲಿ ಈ ಗಡಿಯಾರ ಅಡಗಿ ಕೂರುವುದು ದೊಡ್ಡ ಶಬ್ದಗಳಲ್ಲಿ ಅಲ್ಲ, ಚಿಕ್ಕಚಿಕ್ಕ ತುಣುಕುಗಳಲ್ಲಿ. ‘ಅಂತೂ’, ‘ಕೊನೆಗೂ’, ‘ಸದ್ಯ’, ‘ಇನ್ನಾದರೂ’. ಇವು ನಾಲ್ಕೂ ಹಿಂದಿನ ಕಾಯುವಿಕೆಯನ್ನು ಕೈಹಿಡಿದು ಕರೆದುಕೊಂಡು ಬರುತ್ತವೆ. ಅವನ್ನು ಹಿಡಿಯೋದು ಸುಲಭ. ಹಿಡಿಯಲು ಕಷ್ಟವಾದದ್ದು ಶಬ್ದದ ಬಾಲಕ್ಕೆ ಅಂಟುವ ‘ಊ’. ‘ನಮಗೂ ಬಂತು’, ‘ನಿನ್ನದೂ ಆಯ್ತು’, ‘ನೀನೂ ನಮ್ಮ ಸಾಲಿಗೆ ಸೇರಿದೆ’. ಆ ಒಂದು ಸ್ವರ ಉಳಿದವರೆಲ್ಲರದ್ದೂ ಮುಗಿದಿತ್ತು, ಬಾಕಿ ಇದ್ದದ್ದು ನಿನ್ನದೊಂದೇ ಅಂತ ಲೆಕ್ಕ ಒಪ್ಪಿಸುತ್ತದೆ.

ಇನ್ನೊಂದು ‘ಆಯ್ತಲ್ಲ’. ನಮ್ಮ ಕಡೆ ‘ಆತಲ್ಲ’. “ಲಗ್ನ ಆಗಾಕತ್ತೀಯಂತಲ್ಲ!” ಅಂದರೆ ಸಂಭ್ರಮ. “ಆತಲ್ಲ ಬಿಡು” ಅಂದರೆ ನಿಟ್ಟುಸಿರು. ಎರಡರಲ್ಲೂ ‘ಅಲ್ಲ’ ಇದೆ, ಆದರೆ ಎರಡನೆಯದು ಒಂದು ಹೊರೆ ಇಳಿಸಿದ ಸದ್ದು. ಬರವಣಿಗೆಯಲ್ಲಂತೂ ಅದು ಇನ್ನೂ ಎದ್ದು ಕಾಣುತ್ತದೆ.

ಮೂರನೆಯ ಗುಂಪು ಮರುಕದ ಮಾತುಗಳದ್ದು. ಆಸರೆ, ದಡ, ನೆಲೆ, ಸೆಟ್ಲ್. ನನ್ನ ಗೆಳತಿ ತನ್ನ ದುಡ್ಡಲ್ಲಿ ಮನೆ ಕಟ್ಟಿಸಿದ್ದಾಳೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡ್ ನೋಡಿಕೊಳ್ಳುತ್ತಾಳೆ. ಅವಳಿಗೆ ‘ಆಸರೆ ಸಿಕ್ಕಿತು’ ಅಂತ ಬರೆಯಲು ನನಗೆ ಕೈ ಹೇಗೆ ಬಂತೋ! ‘ಎಲ್ಲರಿಗಾಗಿ ದುಡಿದೆ’ ಅನ್ನೋದೂ ಇದೇ ಜಾತಿ. ಹೊಗಳಿಕೆಯ ರೂಪದಲ್ಲಿ ಮದುವೆ ಯಾಕೆ ಆಗಿರಲಿಲ್ಲ ಅಂತ ಅವಳ ಪರವಾಗಿ ಊರಿಗೆ ಕಾರಣ ಕೊಟ್ಟ ಹಾಗೆ. ಕಾರಣ ಕೊಡಬೇಕು ಅಂತ ಕೇಳಿದವರು ಯಾರು?

ಗಾದೆಗಳನ್ನೂ ಪಕ್ಕಕ್ಕಿಡಿ. ‘ತಾಳಿದವನು ಬಾಳಿಯಾನು’ ಅನ್ನೋದನ್ನು ತಾಳಿಗೆ ಗಂಟು ಹಾಕಿ ಜೋಕ್ ಮಾಡಿ ತರುವವರು ನನ್ನ ಅಂಗಡಿಗೆ ಬರುತ್ತಾರೆ. ಪ್ರತಿಯೊಬ್ಬರಿಗೂ ಅದು ತಮಗೆ ಮಾತ್ರ ಹೊಳೆದದ್ದು ಅನ್ನೋ ನಂಬಿಕೆ.

ಸರಿ, ಇವನ್ನೆಲ್ಲ ಹೊಡೆದು ಹಾಕಿದೆ. ಹಾಳೆಯಲ್ಲಿ ಉಳಿದದ್ದು ‘ಪ್ರೀತಿಯ ಗೆಳತಿ’ ಮತ್ತು ‘ಮದುವೆ ಊಟ’. ಬಹಳ ಜನ ಸೋಲುವುದು ಈ ಜಾಗದಲ್ಲೇ. ಖಾಲಿ ಜಾಗ ನೋಡಿ ಹೆದರಿ ‘ನೂತನ ವಧುವರರಿಗೆ ಹಾರ್ದಿಕ ಶುಭಾಶಯಗಳು’ ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಚುಚ್ಚಲಿಲ್ಲ ನಿಜ. ಆದರೆ 25 ವರ್ಷದಿಂದ ಗೆಳತಿಯಾಗಿರುವವಳಿಂದ ಬ್ಯಾನರಿನ ಸಾಲು ಬಂದರೆ ಅವಳಿಗೆ ಇನ್ನೊಂದು ಅನುಮಾನ: ಇವಳಿಗೆ ನನ್ನ ಮದುವೆ ಇಷ್ಟ ಇಲ್ಲವಾ?

ಖಾಲಿ ಜಾಗ ತುಂಬಲು ಫೋನಿನಲ್ಲಿ ಬರೆದಿಟ್ಟ ಚೀಟಿ ತೆಗೆಯಿರಿ. ಮೂರು ವಿಷಯ ಸಾಕು. ಅವಳ ಜೋಡಿಯ ಬಗ್ಗೆ ಒಂದು ಮಾತು, ಅವಳ ಈಗಿನ ಖುಷಿ ನಿಮಗೆ ಹೇಗೆ ಕಂಡಿತು ಅನ್ನೋದು ಒಂದು, ಮದುವೆ ದಿನ ನೀವು ಏನು ಮಾಡುತ್ತೀರಿ ಅನ್ನೋದು ಒಂದು. ನಾನು ಕಳಿಸಿದ್ದು ಇದು:

“ಲೇ, ನಿನ್ನ ಲಗ್ನಪತ್ರಿಕಿ ಬಂತು. ಎರಡು ಸಲ ಓದಿದೆ. ನಿನಗಿಂತ ಚಲೋ ಚಹಾ ಮಾಡ್ತಾರಂದಿ, ಕುಡಿಯೂ ತನಕ ನಾ ನಂಬಂಗಿಲ್ಲ. ಅವರ ಹೆಸರು ಹೇಳಬೇಕಾದ್ರ ನಿನ್ನ ದನಿ ಬ್ಯಾರೆ ಆಗ್ತೈತಿ, ಗೊತ್ತೇನು ನಿನಗ? ನಾ ಹಿಂದಿನ ದಿನ ಮಧ್ಯಾಹ್ನನ ಬರ್ತೀನಿ. ಅರಿಷಿಣ ಹಚ್ಚಾಕ ನನ್ನ ಕೈ ಮೊದಲು ಇರಬೇಕು. ಇಬ್ರೂ ಚೆಂದಾಗಿ ಇರ್ರಿ.”

ಮಾತಾಡುವ ಭಾಷೆಯಲ್ಲೇ ಬರೆದೆ. ನಾವಿಬ್ಬರೂ ಹಾಗೇ ಮಾತಾಡೋದು. ಗೆಳೆಯನಿಗಾದರೆ ‘ದೋಸ್ತ’ ಅನ್ನಿ, ‘ಅಣ್ಣಾ’ ಅಂತ ಕರೆಯುವ ರೂಢಿ ಇದ್ದರೆ ಹಾಗೇ ಅನ್ನಿ. ಲೇ ಅನ್ನುತ್ತಿದ್ದವಳಿಗೆ ದಿಢೀರ್ ಅಂತ ‘ನೀವು’ ಹಾಕಿದರೆ ಅದೂ ಒಂದು ಸೂಚನೆಯೇ.

## ಹಂತ 4: ಕಳಿಸುವ ಮೊದಲು ಎರಡು ಪರೀಕ್ಷೆ

ಮೊದಲನೆಯದನ್ನು ನಾನು 24ರ ಪರೀಕ್ಷೆ ಅನ್ನುತ್ತೇನೆ. ಬರೆದದ್ದನ್ನು 24 ವರ್ಷದ ಹುಡುಗಿಯ ಮದುವೆಗೆ ಕಳಿಸುತ್ತಿದ್ದೀರಿ ಅಂದುಕೊಂಡು ಓದಿ. ‘ಅಂತೂ ನಿನ್ನ ಮದುವೆ’ ಅಂದರೆ ಆ ಹುಡುಗಿ ಕಣ್ಣುಕಣ್ಣು ಬಿಡುತ್ತಾಳೆ. ‘ಆಸರೆ ಸಿಕ್ಕಿತು’ ಅಂದರೆ ಅವರಪ್ಪನಿಗೆ ಸಿಟ್ಟು ಬರುತ್ತದೆ. ವಿಚಿತ್ರ ಅನ್ನಿಸಿದ ಸಾಲನ್ನು ತೆಗೆದುಬಿಡಿ.

ಆದರೆ ಈ ಪರೀಕ್ಷೆಗೆ ಒಂದು ತೂತು ಇದೆ. ‘ಬೇಗ ಸಿಹಿ ಸುದ್ದಿ ಕೊಡು’ ಅನ್ನೋದನ್ನು ನಮ್ಮ ಜನ 24ರ ಹುಡುಗಿಗೂ ಹೇಳುತ್ತಾರೆ. ಪರೀಕ್ಷೆ ಪಾಸಾಗುತ್ತದೆ, ಆದರೆ 40ರ ಗೆಳತಿಗೆ ಆ ‘ಬೇಗ’ ಬೇರೆಯೇ ಕೇಳಿಸುತ್ತದೆ. ಅದಕ್ಕೇ ಎರಡನೇ ಪರೀಕ್ಷೆ: ಈ ಸಾಲಿಗೆ ಅವಳು ಏನಂತ ಉತ್ತರ ಬರೆಯಬೇಕು? ಚಹಾದ ಮಾತಿಗೆ ‘ಬಾ, ಕುಡಿ’ ಅನ್ನಬಹುದು. ಅರಿಷಿಣದ ಮಾತಿಗೆ ‘ಹೂಂ’ ಅನ್ನಬಹುದು. ಸಿಹಿ ಸುದ್ದಿಗೆ? ಅವಳು ತನ್ನ ಮೈಯ ಬಗ್ಗೆ, ಡಾಕ್ಟರ ಬಗ್ಗೆ ಯೋಚಿಸದೆ ಆ ಸಾಲಿಗೆ ಉತ್ತರ ಬರೆಯಲಾರಳು. ಉತ್ತರ ಕೊಡುವಾಗ ಏನನ್ನಾದರೂ ವಿವರಿಸಬೇಕಾಗಿ ಬರುವ ಯಾವ ಸಾಲೂ ಬೇಡ.

## ಹಂತ 5: ಬ್ಯಾನರ್ ಮತ್ತು ಸ್ಟೇಟಸ್

ಇದು ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: ಹಾಕಲೇಬೇಕು ಅಂತಿಲ್ಲ. ಗುಂಪಿನ ಬೇರೆ ಮದುವೆಗಳಿಗೆ ಬ್ಯಾನರ್ ಹಾಕಿದ್ದರೆ ಹಾಕಿ, ಅಷ್ಟೇ ಅಳತೆಯದು. ಉಳಿದವರಿಗೆ 4 ಅಡಿಗೆ 6 ಅಡಿಯದು ಹಾಕಿ, ಇವನೊಬ್ಬನಿಗೆ ಬಸ್ ಸ್ಟ್ಯಾಂಡ್ ಎದುರು 10 ಅಡಿಗೆ 20 ಅಡಿಯದು ನಿಲ್ಲಿಸಿದರೆ ದಾರಿಹೋಕರೂ ಕೇಳುತ್ತಾರೆ, ಏನಿದು ವಿಶೇಷ ಅಂತ.

ಹೆಸರಿನ ಹಿಂದಿನ ಅಕ್ಷರದಲ್ಲಿ ಭಾರಿ ಎಡವಟ್ಟಾಗುತ್ತದೆ. ಪತ್ರಿಕೆಗಳಲ್ಲಿ ಮದುಮಗನಿಗೆ ‘ಚಿ.’, ಮದುಮಗಳಿಗೆ ‘ಚಿ.ಕುಂ.ಸೌ.’ ಅಂತ ಹಾಕುವುದು ವಾಡಿಕೆ. 45ರ ಮದುಮಗನಿಗೆ ಚಿರಂಜೀವಿ ಅನ್ನಲು ನಾಚಿಕೆ ಪಟ್ಟು ಕೆಲವರು ‘ಶ್ರೀ’ ಮಾಡಿಸುತ್ತಾರೆ. ಕಣ್ಣಿಗೆ ಮೊದಲು ಬೀಳುವುದೇ ಅದು. ಒಂದೇ ನಿಯಮ ಇಟ್ಟುಕೊಳ್ಳಿ. ಅವರ ಮನೆಯ ಲಗ್ನಪತ್ರಿಕೆಯಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಇಳಿಸಿ. ಅಲ್ಲಿ ‘ಚಿ.’ ಇದ್ದರೆ ನಿಮ್ಮಲ್ಲೂ ‘ಚಿ.’ ಇರಲಿ. ಅಲ್ಲಿ ಬರೀ ಹೆಸರಿದ್ದರೆ ಬರೀ ಹೆಸರು.

ಫೋಟೊ ಈಗಿನದ್ದೇ ಬೇಕು, ಇಬ್ಬರೂ ಕೂಡಿ ತೆಗೆಸಿಕೊಂಡದ್ದು. ಕಾಲೇಜಿನ ಹಳೇ ಫೋಟೊ ಪಕ್ಕದಲ್ಲಿ ಈಗಿನದ್ದು ಇಟ್ಟು ‘ಅಂದು ಇಂದು’ ಮಾಡಿಸಲು ಬಹಳ ಜನರಿಗೆ ಆಸೆ. ಆ ಎರಡು ಫೋಟೊಗಳ ನಡುವಿನ ಬಿಳಿ ಗೆರೆಯಲ್ಲಿ ಎಷ್ಟು ವರ್ಷ ಅಂತ ಎಲ್ಲರೂ ಎಣಿಸುತ್ತಾರೆ. ಮುಖದ ಗೆರೆಗಳನ್ನು ಒರೆಸಿ ಮೈದಾ ಹಿಟ್ಟಿನ ಹಾಗೆ ಮಾಡಿಸುವುದೂ ಬೇಡ.

## ಹಂತ 6: ಗುಂಪಿನ ಬಾಯಿ

ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದರೂ ‘ಕೊನೇ ವಿಕೆಟ್ ಬಿತ್ತು’ ಅಂತ ಹಾಕಿಯೇ ಹಾಕುತ್ತಾರೆ. ಅದರ ಕೆಳಗೆ 20 ನಗುವ ಮುಖ. ಅಲ್ಲಿ ಬುದ್ಧಿ ಹೇಳಲು ಹೋದರೆ ಜೋಕ್ ಇನ್ನೂ ಎರಡು ದಿನ ಬದುಕುತ್ತದೆ, ಗೆಳತಿಗೆ ಎರಡು ಪಟ್ಟು ಮುಜುಗರ. ಕೂಡಲೇ ಕೆಲಸದ ಪ್ರಶ್ನೆ ಹಾಕಿ: “ಗಂಗಾವತಿಯಿಂದ ಯಾರ‍್ಯಾರು ಬರ್ತೀರಿ? ಗಾಡಿ ಮಾಡೋಣ.” ಗಾಡಿ, ಬಾಡಿಗೆ, ಎಷ್ಟು ಗಂಟೆಗೆ ಹೊರಡೋದು ಅನ್ನೋ ಚರ್ಚೆಗೆ ಎಂಥಾ ಜೋಕೂ ಮೇಲೆ ಹೋಗಿಬಿಡುತ್ತದೆ. ಜೋಕ್ ಮಾಡಿದವನಿಗೆ ಆಮೇಲೆ ಬೇರೆಯಾಗಿ ಫೋನ್ ಮಾಡಿ.

## ಹಂತ 7: ಮುಯ್ಯಿ

ಇಲ್ಲಿ ನಿಧಾನವಾಗಿ ಹೋಗೋಣ, ದುಡ್ಡು ಕೂಡ ಮಾತಾಡುತ್ತದೆ.

ನಮ್ಮ ಕಡೆ ಮುಯ್ಯಿ ಅಂದರೆ ಬರೆದಿಟ್ಟ ಲೆಕ್ಕ. ಯಾರು ಎಷ್ಟು ಹಾಕಿದರು ಅಂತ ಪುಸ್ತಕ ನೋಡಿ, ಅವರ ಮನೆಯ ಕಾರ್ಯದಲ್ಲಿ ತಿರುಗಿ ಹಾಕುತ್ತೇವೆ. ನನ್ನ ಪುಸ್ತಕ ತೆಗೆದೆ. 2005ರಲ್ಲಿ ನನ್ನ ಲಗ್ನಕ್ಕೆ ಅವಳು 501 ರೂಪಾಯಿ ಬರೆಸಿದ್ದಳು, ಜೊತೆಗೆ ಒಂದು ಸೀರೆ. ಆಗ ಅವಳು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಆಮೇಲೆ ನನ್ನ ಮಗಳ ತೊಟ್ಟಿಲಿಗೆ ಬಂದು ಹಾಕಿದ್ದು, ಮನೆ ಗೃಹಪ್ರವೇಶಕ್ಕೆ ತಂದದ್ದು ಬೇರೆ.

ಈಗ ತಿರುಗಿ 501 ಹಾಕಿದರೆ ಅದು ಜಿಪುಣತನ. 2005ರ 501ಕ್ಕೆ ಆಗ ಏನೆಲ್ಲ ಬರುತ್ತಿತ್ತು ಅಂತ ಎಲ್ಲರಿಗೂ ನೆನಪಿದೆ. ಹಾಗಂತ ‘ಪಾಪ, ಇಷ್ಟು ವರ್ಷ ಎಲ್ಲರಿಗೂ ಕೊಡುತ್ತಲೇ ಬಂದಳು’ ಅಂತ ಮನಸ್ಸು ಕರಗಿ 10,001 ಹಾಕಿದರೆ, ಲೆಕ್ಕ ಬರೆಯುವವರು ಪೆನ್ನು ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ರಾತ್ರಿ ಪುಸ್ತಕ ಓದುವಾಗ ಅವಳೂ ಅಲ್ಲೇ ನಿಲ್ಲುತ್ತಾಳೆ. ಆ ಹೆಚ್ಚಿನ ದುಡ್ಡು ಯಾಕೆ ಬಂತು ಅಂತ ಅವಳಿಗೆ ಗೊತ್ತಾಗುತ್ತದೆ.

ಅಳತೆ ಹಿಡಿಯಲು ಹಳೇ ಪುಸ್ತಕಕ್ಕಿಂತ ಹೊಸ ಮದುವೆ ನೋಡಿ. ಇಷ್ಟೇ ಹತ್ತಿರದ ಇನ್ನೊಬ್ಬರ ಮನೆಯ ಮದುವೆಗೆ ಕಳೆದ ಒಂದೆರಡು ವರ್ಷದಲ್ಲಿ ಎಷ್ಟು ಹಾಕಿದಿರಿ? ನಾನು ಗೆಳತಿಯೊಬ್ಬಳ ಮಗನ ಲಗ್ನಕ್ಕೆ 2,001 ಹಾಕಿದ್ದೆ. ಇವಳಿಗೂ ಅಷ್ಟೇ ಹಾಕಿದೆ, ಜೊತೆಗೆ ಆಯಾರಕ್ಕೆ ಇಬ್ಬರಿಗೂ ಬಟ್ಟೆ. ಅವಳು ನನಗೆ ಸೀರೆ ಕೊಟ್ಟಿದ್ದರಿಂದ ಬಟ್ಟೆ ಲೆಕ್ಕಕ್ಕೂ ಸರಿ, ಪ್ರೀತಿಗೂ ಸರಿ.

ಕವರಿನ ಮೇಲೆ ಹೆಸರು, ಊರು ಸಾಕು. ‘ಬಾಕಿ ತೀರಿಸಿದ್ದೇನೆ’ ಅನ್ನೋ ತಮಾಷೆ ಬೇಡ, ಯಾಕೆ ಬಾಕಿ ಉಳಿದಿತ್ತು ಅನ್ನೋ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ಸಾಮಾನು ಕೊಡುವವರಿಗೆ ಒಂದು ಮಾತು. ಅವಳ ಮನೆಯಲ್ಲಿ ಕುಕ್ಕರ್, ಮಿಕ್ಸಿ, ಫ್ರಿಜ್ ಎಲ್ಲ ಆಗಲೇ ಇವೆ. ಹೊಸ ಸಂಸಾರಕ್ಕೆ ಅಂತ ಪಾತ್ರೆ ಸೆಟ್ ಕೊಟ್ಟರೆ ಮೂಲೆ ಸೇರುತ್ತದೆ. ಕೊಪ್ಪಳದ ಹತ್ತಿರ ಕಿನ್ನಾಳಕ್ಕೆ ಹೋಗಿ ಬಣ್ಣದ ಮರದ ಗೊಂಬೆ ತಂದರೆ ಇಬ್ಬರ ಮನೆಯಲ್ಲೂ ಇಲ್ಲದ್ದೊಂದು ಸೇರಿದಂತಾಗುತ್ತದೆ. ಕಾಮಧೇನು ಚೆಂದ ಇರುತ್ತದೆ.

## ಹಂತ 8: ಮಂಟಪದಲ್ಲಿ

ಇಲ್ಲಿ ಅಪಾಯ ಇರುವುದು ನಿಮ್ಮ ಬಾಯಲ್ಲಿ ಕಡಿಮೆ, ಅಕ್ಕಪಕ್ಕದವರ ಬಾಯಲ್ಲಿ ಜಾಸ್ತಿ. ಅದಕ್ಕೆ ನೀವು ಹೇಗೆ ತಲೆಯಾಡಿಸುತ್ತೀರಿ ಅನ್ನೋದೇ ಪ್ರಶ್ನೆ.

ಗೆಳತಿಯ ತಾಯಿ ನನ್ನ ಕೈ ಹಿಡಿದು, “ನಾ ಕಣ್ಣು ಮುಚ್ಚೂದ್ರೊಳಗ ಇದೊಂದು ನೋಡಿದೆ ನೋಡವ್ವ. ಹುಲಿಗೆಮ್ಮಗ ಎಷ್ಟು ಹರಕಿ ಹೊತ್ತಿದ್ದೆ” ಅಂದರು. ಹುಲಿಗಿ ನಮ್ಮ ಕೊಪ್ಪಳ ತಾಲೂಕಿನದ್ದೇ, ಹರಕೆ ಹೊರದ ಮನೆ ಈ ಕಡೆ ಕಡಿಮೆ. ಆ ತಾಯಿಗೆ ಹೇಳುವ ಹಕ್ಕಿದೆ. ಆದರೆ ಮಗಳು ಮೂರು ಹೆಜ್ಜೆ ದೂರದಲ್ಲಿ ಕೂತಿದ್ದಾಳೆ. “ಹೌದ್ ಬಿಡ್ರಿ, ಎಷ್ಟು ವರ್ಷ ಕಾಯ್ದ್ರಿ” ಅಂತ ದನಿ ಸೇರಿಸಿದರೆ ಕೆಟ್ಟಿತು. ನಾನಂದೆ, “ಅತ್ತಿ, ಅಕಿಗೆ ಆ ಹಳದಿ ಸೀರಿ ಎಷ್ಟು ಒಪ್ಪೈತಿ ನೋಡ್ರಿ. ಯಾರು ಆರಿಸಿದ್ದು?” ಅವರು ಸೀರೆ ತಂದ ಕತೆಗೆ ಹೊರಳಿದರು.

ಉಡಿ ತುಂಬುವಾಗ ಇನ್ನೊಂದು ಸುತ್ತು. ಅಕ್ಕಿ, ಕಾಯಿ, ಕುಬಸ ಹಾಕುತ್ತಾ ಹಿರಿಯರು ‘ವರ್ಷದೊಳಗ ತೊಟ್ಟಿಲ ತೂಗಲಿ’ ಅನ್ನುತ್ತಾರೆ. ಅವರನ್ನು ತಡೆಯಲಾಗದು. ನಿಮ್ಮ ಸರದಿ ಬಂದಾಗ “ಚೆಂದಾಗಿರು” ಅಷ್ಟೇ ಅಂದು ಕಣ್ಣಿಗೆ ಕಣ್ಣು ಕೊಟ್ಟು ನಗಿ.

ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಕರೆತನ್ನಿ. ನನ್ನ ಮಗಳು ಡಿಗ್ರಿ ಓದುತ್ತಾಳೆ. ವೇದಿಕೆ ಮೇಲೆ ಹೋಗಿ “ಕಂಗ್ರಾಜುಲೇಶನ್ಸ್ ಆಂಟಿ” ಅಂದರೆ ಮದುಮಗಳಿಗೆ ಹೇಗಾಗಬೇಡ? ಚಿಕ್ಕಂದಿನಿಂದ ಕರೆಯುತ್ತಿದ್ದ ಹಾಗೆ ‘ಚಿಗವ್ವ’ ಅನ್ನು ಅಂತ ಹೇಳಿದ್ದೆ. ಮದುಮಗನಿಗೆ ‘ಕಾಕಾ’. ಮತ್ತೆ ನೀವು, ಬೆಳೆದ ಮಗಳನ್ನು ಮುಂದೆ ತಳ್ಳಿ “ನೋಡ, ಎಷ್ಟು ದೊಡ್ಡಾಕಿ ಆಗ್ಯಾಳ!” ಅನ್ನಬೇಡಿ. ಎಲ್ಲರ ಕಣ್ಣೂ ಮಗಳಿಂದ ಮದುಮಗಳಿಗೆ ಹೋಗುತ್ತದೆ.

‘ಯಂಗ್ ಕಾಣ್ತಿ’ ಅನ್ನೋದಂತೂ ಬೇಡವೇ ಬೇಡ. ಚೆಂದ ಕಾಣ್ತಿ ಅಂದರೆ ಸಾಕಲ್ವಾ?

## ಹಂತ 9: ಬಾಯಿ ಜಾರಿದರೆ

ಜಾರುತ್ತದೆ. ವಾಟ್ಸಾಪಿನಲ್ಲಾದರೆ ಕಳಿಸಿದ 15 ನಿಮಿಷದೊಳಗೆ ತಿದ್ದಲು ಬರುತ್ತದೆ. ಅವಳು ಇನ್ನೂ ಓದಿಲ್ಲ ಅಂದರೆ ತಿದ್ದಿ. ಓದಿಯಾಗಿದ್ದರೆ ತಿದ್ದಬೇಡಿ, ಅಳಿಸಲೂ ಬೇಡಿ. ಅಳಿಸಿದ ಗುರುತು ಅಲ್ಲೇ ಉಳಿದು, ಇವಳು ಏನೋ ಅಂದು ಹೆದರಿದಳು ಅಂತ ಸಾರುತ್ತದೆ. ಅದರ ಬದಲು ಒಂದೇ ಸಾಲು: “ಅಂತೂ ಅಂದೆ, ತಪ್ಪಾತು. ಖುಷಿಗೆ ಬಾಯಿ ತಪ್ಪಿತು.” ಅಲ್ಲಿಗೆ ನಿಲ್ಲಿಸಿ. ‘ನಾನು ಹಂಗ ಅನ್ನಬೇಕು ಅಂತ ಇರಲಿಲ್ಲ, ನಿನಗ ವಯಸ್ಸಾಗೈತಿ ಅಂತ ಅಲ್ಲ’ ಅಂತ ವಿವರಣೆಗೆ ಇಳಿದರೆ, ಚಿಕ್ಕ ಗಾಯ ದೊಡ್ಡದಾಗುತ್ತದೆ.

ಅವಳೇ ತನ್ನ ಬಗ್ಗೆ ಜೋಕ್ ಮಾಡಿದರೆ? “ಈ ಮುದಿಕಿ ಲಗ್ನಕ್ಕ ಬರ್ತೀಯಿಲ್ಲೋ?” ಅಂತ ನನ್ನ ಗೆಳತಿಯೂ ಕೇಳಿದಳು. “ಎಲ್ಲಿ ಮುದಿಕಿ, ನೀ ಇನ್ನೂ ಹುಡುಗಿ!” ಅಂತ ವಾದಕ್ಕೆ ನಿಲ್ಲಬೇಡಿ. ವಾದ ಮಾಡಿದರೆ ವಯಸ್ಸು ಚರ್ಚೆಯ ವಿಷಯವಾಯಿತು. ನಕ್ಕುಬಿಡಿ, ಮುಂದೆ ಹೋಗಿ. ನಾನು ಕೇಳಿದ್ದು, “ಬರ್ತೀನಿ, ಊಟಕ್ಕ ಏನು ಮಾಡಸ್ತಿ?” ಗೋಧಿ ಹುಗ್ಗಿ, ಬದನಿಕಾಯಿ ಪಲ್ಯ ಅಂದಳು.

## ಸರಿ ತಲುಪಿತೋ ಇಲ್ಲವೋ, ಗೊತ್ತಾಗುವುದು ಹೇಗೆ

ಉತ್ತರ ನೋಡಿ. ಬರೀ ಕೈಮುಗಿದ ಚಿತ್ರ ಬಂದರೆ, ಅಥವಾ ‘ಥ್ಯಾಂಕ್ಸ್, ಎಲ್ಲ ನಿಮ್ಮ ಆಶೀರ್ವಾದ’ ಅಂತ ಬಂದರೆ ಎಲ್ಲೋ ಕಲ್ಲು ಸಿಕ್ಕಿದೆ. ಲೇ ಅನ್ನುವವಳು ಆಶೀರ್ವಾದ ಕೇಳುವುದಿಲ್ಲ. ಬರೆದದ್ದನ್ನು ಮತ್ತೊಮ್ಮೆ ಜೋರಾಗಿ ಓದಿಸಿ, ‘ಊ’ ಎಲ್ಲಾದರೂ ಅಂಟಿಕೊಂಡಿದೆಯಾ ನೋಡಿ. ‘ಅದೇನು ದೊಡ್ಡದಲ್ಲ ಬಿಡು’ ಅಂತ ತನ್ನ ಮದುವೆಯನ್ನೇ ಸಣ್ಣದು ಮಾಡಿ ಬರೆದರೂ ಅನುಮಾನ ಪಡಿ, ಯಾರೋ ಏನೋ ಅಂದಿದ್ದಾರೆ.

ಚೆನ್ನಾಗಿ ತಲುಪಿದ್ದರೆ ಉತ್ತರದಲ್ಲಿ ನಿಮ್ಮ ಮಾತಿನದೇ ಒಂದು ತುಂಡು ಇರುತ್ತದೆ. ನನಗೆ ರಾತ್ರಿ ಪಾಳಿಯ ನಡುವೆ, 2 ಗಂಟೆಗೆ ಬಂದದ್ದು ಇದು: “ಮಧ್ಯಾಹ್ನ ಅಂದ್ರ ಊಟಕ್ಕ ಬಾ, ರೊಟ್ಟಿ ಬಡಿಸಿಟ್ಟಿರ್ತೀನಿ. ಚಹಾ ಅವರ ಮಾಡ್ತಾರ. ನೀ ಕುಡದು ನಿಜ ಹೇಳಬೇಕು, ನನ್ನ ಮಾರಿ ನೋಡಿ ಸುಳ್ಳ ಹೇಳಬ್ಯಾಡ.”

ಹೋದೆ, ಕುಡಿದೆ. ಅವರದೇ ಚಲೋ ಇತ್ತು. ಅವಳ ಮುಖ ನೋಡಿ ಸುಳ್ಳು ಹೇಳಿದೆ.